ಇಪ್ಪತ್ತೇಳು ಡಿಗ್ರಿಯ ಹಾಲು

ಸಿಲ್ವೆಸ್ಟರ್ ಮಸ್ಕರೇನ್ಹಸ್ ತೀರಿಕೊಂಡು ಮೂವತ್ತೊಂದನೆಯ ದಿನ, ಕಾಪುವಿನ ಇಗರ್ಜಿಯಲ್ಲಿ ತಿಂಗಳ ಪೂಜೆ ಮುಗಿದ ಮೇಲೆ, ಅವನ ಅಕ್ಕ ವೆರೊನಿಕಾ ನನ್ನನ್ನು ಮನೆಗೆ ಕರೆದು ಒಂದು ಬಿದಿರಿನ ಕೊಳವೆಯನ್ನು ಕೈಗಿತ್ತರು. "ಇದು ಎಂತ ಅಂತ ನನಗೆ ಗೊತ್ತಿಲ್ಲ ಮಾಸ್ಟ್ರೇ. ನಿಮಗೆ ಸೇರಬೇಕು ಅಂತ ಆಸ್ಪತ್ರೆಯಲ್ಲಿ ಎರಡು ಸಲ ಹೇಳಿದ್ದ," ಎಂದರು. ಒಳಗೆ ಹತ್ತಿಯ ನಡುವೆ ಒಂದು ಥರ್ಮಾಮೀಟರು ಇತ್ತು.

ಅದು ನಮ್ಮ ಹೈಸ್ಕೂಲಿನ ಪ್ರಯೋಗಾಲಯದ್ದು. ಎಂಬತ್ತನಾಲ್ಕನೆಯ ಇಸವಿಯ ನವೆಂಬರಿನಲ್ಲಿ ನಾನೇ ಅವನಿಗೆ ಒಂದು ದಿನದ ಮಟ್ಟಿಗೆ ಕೊಟ್ಟದ್ದು. ಆಮೇಲೆ ನಾಲ್ಕು ವರ್ಷ ಪ್ರತಿ ಮಾರ್ಚಿನಲ್ಲಿ ಪ್ರಯೋಗಾಲಯದ ಸ್ಟಾಕ್ ಪುಸ್ತಕದಲ್ಲಿ "ಥರ್ಮಾಮೀಟರು ಹನ್ನೆರಡು, ಸುಸ್ಥಿತಿಯಲ್ಲಿವೆ" ಎಂದು ಬರೆದು ಸಹಿ ಹಾಕಿದ್ದೇನೆ. ಈಗ ಹೇಳಹೊರಟಿರುವ ಕಥೆಯಲ್ಲಿ ಸುಳ್ಳು ಸಹಿಗಳು ಬಹಳ ಇವೆ. ಆದುದರಿಂದ ನನ್ನದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸಿಲ್ವೆಸ್ಟರ್ ಹಾಲಿನ ಒಕ್ಕೂಟದಲ್ಲಿ ಸೂಪರ್‌ವೈಸರ್ ಆಗಿದ್ದ. ಮಣಿಪಾಲದಲ್ಲಿ ಕಚೇರಿ, ಕಾರ್ಕಳದ ಕಡೆಯ ಹದಿನೆಂಟು ಹಳ್ಳಿಗಳಲ್ಲಿ ಕೆಲಸ. ಕಾರ್ಕಳದ ಆನೆಕೆರೆಯ ಹತ್ತಿರ ನಾವಿಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿ ಹನ್ನೊಂದು ವರ್ಷ ಇದ್ದೆವು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸೈಕಲು ಹತ್ತಿ ಯಾವುದಾದರೂ ಒಂದು ಸಂಘಕ್ಕೆ ಹೋಗಿ, ಅಲ್ಲಿನ ಹಾಲಿನ ಲೆಕ್ಕ ನೋಡಿ ಸಹಿ ಹಾಕಿ ಬರುವುದು ಅವನ ಉದ್ಯೋಗ. ಹೋಟೆಲಿನಲ್ಲಿ ಚಹಾ ಬಂದರೆ ಬೆಳಕಿಗೆ ಹಿಡಿದು ನೋಡಿ, "ಇದಕ್ಕೆ ಆರೂವರೆ," ಎನ್ನುತ್ತಿದ್ದ. ಮಾಣಿಗೆ ಅದು ಬೆಲೆಯ ಮಾತೆಂದು ತೋರಿ, "ಇಲ್ಲ ಸಾರ್, ನಲವತ್ತು ಪೈಸೆ," ಎನ್ನುತ್ತಿದ್ದ.

ಅವನು ಹೇಳಿದ್ದು ಎಸ್‌ಎನ್‌ಎಫ್. ಹಾಲಿನಿಂದ ಕೊಬ್ಬನ್ನೂ ನೀರನ್ನೂ ತೆಗೆದರೆ ಉಳಿಯುವ ಗಟ್ಟಿ ಅಂಶಕ್ಕೆ ಆ ಹೆಸರು. ಸಂಘಕ್ಕೆ ಹಾಲು ಕೊಡುವವರಿಗೆ ದುಡ್ಡು ಬರುವುದು ಬರೀ ಲೀಟರಿನ ಮೇಲಲ್ಲ. ಕೊಬ್ಬು ಎಷ್ಟು, ಎಸ್‌ಎನ್‌ಎಫ್ ಎಷ್ಟು ಎನ್ನುವುದರ ಮೇಲೆ. ಕೊಬ್ಬನ್ನು ಗಾಜಿನ ನಳಿಗೆಯಲ್ಲಿ ಆಸಿಡ್ ಹಾಕಿ, ಯಂತ್ರದಲ್ಲಿ ತಿರುಗಿಸಿ ಅಳೆಯುತ್ತಾರೆ. ಎಸ್‌ಎನ್‌ಎಫ್‌ಗೆ ಅಂಥ ಆಡಂಬರವಿಲ್ಲ. ಲ್ಯಾಕ್ಟೋಮೀಟರ್ ಎನ್ನುವ ಗಾಜಿನ ಬುರುಡೆಯನ್ನು ಹಾಲಿನಲ್ಲಿ ತೇಲಿಬಿಟ್ಟು ಅದು ಎಲ್ಲಿಯವರೆಗೆ ಮುಳುಗುತ್ತದೆಂದು ನೋಡಿ, ಆ ಅಂಕಿಯನ್ನು ಕೊಬ್ಬಿನ ಅಂಕಿಯ ಜೊತೆ ಗೋಡೆಯ ಮೇಲಿನ ಪಟ್ಟಿಯಲ್ಲಿ ಹುಡುಕಿದರೆ ಸಿಗುತ್ತದೆ. ನೀರು ಸೇರಿದ ಹಾಲು ತೆಳ್ಳಗಿರುತ್ತದೆ, ಬುರುಡೆ ಹೆಚ್ಚು ಮುಳುಗುತ್ತದೆ, ಅಂಕಿ ಇಳಿಯುತ್ತದೆ. ಕಲ್ಲಮಜಲಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಇಷ್ಟೇ.

ಕಲ್ಲಮಜಲು ಕುಕ್ಕುಂದೂರಿನಿಂದ ಆಚೆಗೆ ಎರಡು ಮೈಲಿ. ಅಲ್ಲಿನ ಹಾಲು ಉತ್ಪಾದಕರ ಸಂಘ ತಾಲೂಕಿಗೇ ಮಾದರಿ ಎಂದು ಹೆಸರಾಗಿತ್ತು. ಅದರ ಗೋಡೆಯ ಮೇಲೆ ಒಕ್ಕೂಟ ಕೊಟ್ಟ ಪ್ರಶಸ್ತಿಪತ್ರ ಕನ್ನಡಿ ಹಾಕಿಸಿಕೊಂಡು ನೇತಾಡುತ್ತಿತ್ತು. ಬೇರೆ ಸಂಘಗಳು ಸದಸ್ಯರಿಂದ ಕೊಂಡ ಹಾಲನ್ನು ಶೀತಲ ಕೇಂದ್ರಕ್ಕೆ ಕಳಿಸಿದಾಗ ಅಲ್ಲಿಯ ಪರೀಕ್ಷೆಯಲ್ಲಿ ಅಂಕಿ ಸ್ವಲ್ಪ ಇಳಿಯುತ್ತಿತ್ತು. ಕಲ್ಲಮಜಲಿನ ಹಾಲು ಮಾತ್ರ ಕ್ಯಾನಿನಲ್ಲಿ ಕುಳಿತು ಕಾರ್ಕಳ ಮುಟ್ಟುವಷ್ಟರಲ್ಲಿ ಇನ್ನೂ ಉತ್ತಮಗೊಳ್ಳುತ್ತಿತ್ತು. ಸಂಘದಲ್ಲಿ ಎಂಟು ಪಾಯಿಂಟ್ ಎರಡು, ಕೇಂದ್ರದಲ್ಲಿ ಎಂಟೂವರೆ. ಸಂಘ ಕೊಟ್ಟದ್ದು ಎಂಟು ಪಾಯಿಂಟ್ ಎರಡರ ಬೆಲೆ, ಪಡೆದದ್ದು ಎಂಟೂವರೆಯ ಬೆಲೆ. ಈ ಪವಾಡಕ್ಕೆ ಅಧ್ಯಕ್ಷರಾದ ವಿಠಲ ಹೆಗ್ಡೆಯವರ ಆಡಳಿತವೇ ಕಾರಣವೆಂದು ಪ್ರಶಸ್ತಿಪತ್ರದಲ್ಲಿ ಬರೆದಿತ್ತು. ಕಾರಣ ಕೇಳುವುದು ಪ್ರಶಸ್ತಿ ಕೊಡುವವರ ಕೆಲಸವಲ್ಲವಷ್ಟೆ.

ಆ ಸಂಘದಿಂದ ಒಕ್ಕೂಟಕ್ಕೆ ಒಂದು ಕಾಗದ ಬಂತು. ಇಪ್ಪತ್ತಮೂರನೆಯ ನಂಬರಿನ ಸದಸ್ಯೆ ಸುಂದರಿ ಪೂಜಾರ್ತಿ ಹಾಲಿಗೆ ನೀರು ಸೇರಿಸುತ್ತಿದ್ದಾಳೆ. ಮೂರು ನೋಟಿಸು ಕೊಟ್ಟರೂ ತಿದ್ದಿಕೊಂಡಿಲ್ಲ. ಮುಂದಿನ ಆದಿತ್ಯವಾರದ ಮಹಾಸಭೆಯಲ್ಲಿ ಆಕೆಯನ್ನು ಸದಸ್ಯತ್ವದಿಂದ ತೆಗೆಯಲಾಗುವುದು. ಸೂಪರ್‌ವೈಸರು ಬಂದು ದಾಖಲೆ ಪರಿಶೀಲಿಸಿ ಒಪ್ಪಿಗೆಯ ವರದಿ ಕೊಡಬೇಕು. ವರದಿ ಒಪ್ಪಿಗೆಯದ್ದೇ ಆಗಬೇಕೆಂದು ಮೊದಲೇ ತಿಳಿಸಿದ್ದರಿಂದ ಸಿಲ್ವೆಸ್ಟರನ ಕೆಲಸ ಅರ್ಧ ಕಡಿಮೆಯಾಗಿತ್ತು.

ಸುಂದರಿಗೆ ಗಂಡ ಇರಲಿಲ್ಲ, ಇಬ್ಬರು ಹೆಣ್ಣುಮಕ್ಕಳಿದ್ದರು. ಬೀಡಿ ಕಟ್ಟುತ್ತಿದ್ದಳು. ಬ್ಯಾಂಕಿನವರು ಕೊಡಿಸಿದ ಒಂದು ದನ ಇತ್ತು; ಅದರ ಕಂತು ಸಂಘದ ಹಾಲಿನ ಹಣದಿಂದಲೇ ನೇರ ಕಡಿತವಾಗುತ್ತಿತ್ತು. ಸಂಘ ಹಾಲು ತೆಗೆದುಕೊಳ್ಳದಿದ್ದರೆ ದನವನ್ನು ಬ್ಯಾಂಕಿಗೆ ಹೊಡೆದುಕೊಂಡು ಹೋಗಿ ಬಿಡಬೇಕಾಗಿತ್ತು. ಅದಕ್ಕಿಂತ ಹೆಚ್ಚಿಗೆ, ಊರಿನಲ್ಲಿ ಅವಳಿಗೆ ಆಗಲೇ "ನೀರಿನ ಸುಂದರಿ" ಎಂಬ ಹೆಸರು ಬಿದ್ದಿತ್ತು. ದೊಡ್ಡ ಮಗಳು ಶಾಲೆಗೆ ಹೋಗುವುದನ್ನು ಬಿಟ್ಟಿದ್ದಳು.

ಶುಕ್ರವಾರ ಸಿಲ್ವೆಸ್ಟರ್ ಹೋಗಿ ಮೂರು ತಿಂಗಳ ರಿಜಿಸ್ಟರುಗಳನ್ನು ಸೈಕಲಿನ ಹಿಂದೆ ಕಟ್ಟಿಕೊಂಡು ಬಂದ. ಶನಿವಾರ ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅವನು ಚಾಪೆಯ ಮೇಲೆ ಅವನ್ನು ಹರಡಿಕೊಂಡು ಕುಳಿತಿದ್ದ. ಊಟ ಮಾಡಿರಲಿಲ್ಲ.

"ಮಾರಾಯ, ನೀನು ವಿಜ್ಞಾನ ಕಲಿಸುವವನು. ಹಾಲಿಗೆ ನೀರು ಹಾಕಿದರೆ ಎಂತ ಕಡಿಮೆ ಆಗ್ತದೆ?"

"ಎಲ್ಲವೂ."

"ಕೊಬ್ಬು?"

"ಅದೂ ಕಡಿಮೆಯಾಗಬೇಕು. ನೀರಿನಲ್ಲಿ ಕೊಬ್ಬು ಎಲ್ಲಿ ಉಂಟು?"

"ಈ ಹೆಂಗಸಿನ ಹಾಲಿನಲ್ಲಿ ಕೊಬ್ಬು ದಿನಾ ನಾಲ್ಕು ಪಾಯಿಂಟ್ ಎರಡು. ಎಸ್‌ಎನ್‌ಎಫ್ ಮಾತ್ರ ಎಂಟಕ್ಕೆ ಇಳಿದದ್ದು. ಕೊಬ್ಬನ್ನು ಮುಟ್ಟದೆ ಉಳಿದದ್ದಕ್ಕೆ ಮಾತ್ರ ನೀರು ಹಾಕುವ ವಿದ್ಯೆ ಇವಳಿಗೆ ಯಾರು ಕಲಿಸಿದ್ರು? ಇನ್ನೊಂದು ನೋಡು. ಶನಿವಾರ ಬೆಳಿಗ್ಗೆ ಮಾತ್ರ ಎಂಟೂವರೆಯ ಹತ್ತಿರ ಬಂದಿದೆ. ಹದಿಮೂರು ಶನಿವಾರ, ಹದಿಮೂರರಲ್ಲೂ."

"ಸೆಕ್ರೆಟರಿಯನ್ನು ಕೇಳಿದೆಯಾ?"

"ಕೇಳಿದೆ. ದೇವದಾಸ ಹೇಳ್ತಾನೆ, 'ಶನಿವಾರ ಅಲ್ವಾ ಸಾರ್, ದೇವರ ಭಯ.' ಹಾಗಾದರೆ ಶನಿವಾರ ಸಂಜೆ ಪುನಃ ಎಂಟಕ್ಕೆ ಇಳಿದದ್ದು ಯಾಕೆ ಅಂದೆ. 'ಭಯ ಎಷ್ಟು ಹೊತ್ತು ಇರ್ತದೆ ಸಾರ್,' ಅಂದ."

ರಿಜಿಸ್ಟರಿನಲ್ಲಿ ಸದಸ್ಯರ ಹೆಸರು ಹಾಲು ಕೊಟ್ಟ ಸರದಿಯಲ್ಲೇ ಬರೆದಿರುತ್ತದೆ. ಸುಂದರಿಯ ಮನೆ ಸಂಘದ ಹಿಂದಿನ ಗೋಡೆಗೆ ತಾಗಿಕೊಂಡೇ ಇತ್ತು. ದಿನಾ ಬೆಳಿಗ್ಗೆ ಸಂಜೆ ಅವಳೇ ಮೊದಲನೆಯವಳು. ಶನಿವಾರ ಬೆಳಿಗ್ಗೆ ಮಾತ್ರ ಕೊನೆಯವಳು. ಅಂದು ಹಾಲು ಕರೆದಿಟ್ಟು, ವಾರದ ಬೀಡಿ ಕಟ್ಟನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಬಂದು, ಆಮೇಲೆ ಪಾತ್ರೆ ಎತ್ತಿಕೊಳ್ಳುತ್ತಿದ್ದಳು. ಸಿಲ್ವೆಸ್ಟರ್ ಉಳಿದವರ ಅಂಕಿಗಳನ್ನೂ ಮನೆಯ ದೂರದೊಂದಿಗೆ ಹೊಂದಿಸಿ ನೋಡಿದ್ದ. ಸಂಘದ ಆಸುಪಾಸಿನವರೆಲ್ಲ ಒಂದಿಷ್ಟು ಕಳ್ಳರು, ಗದ್ದೆಯಾಚೆಯವರು ಸಾಧಾರಣ, ಗುಡ್ಡದ ಮೇಲೆ ಒಂದೂವರೆ ಮೈಲಿ ದೂರದಲ್ಲಿದ್ದ ಅಧ್ಯಕ್ಷರ ಹಾಲು, ಆಳು ಸೈಕಲಿನಲ್ಲಿ ತರುವಷ್ಟರಲ್ಲಿ, ಪರಿಶುದ್ಧ.

"ಕಲ್ಲಮಜಲಿನಲ್ಲಿ ಪ್ರಾಮಾಣಿಕತೆಯನ್ನು ಫರ್ಲಾಂಗಿನಲ್ಲಿ ಅಳೆಯಬಹುದು," ಎಂದ. ಆಮೇಲೆ ರಿಜಿಸ್ಟರಿನ ಇನ್ನೊಂದು ಕಾಲಂ ಮೇಲೆ ಬೆರಳಿಟ್ಟ.

ಅದು ಹಾಲಿನ ಉಷ್ಣಾಂಶದ ಕಾಲಂ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಮಳೆಗೂ ಬಿಸಿಲಿಗೂ, ಬೆಳಿಗ್ಗೆಗೂ ಸಂಜೆಗೂ, ಪ್ರತಿಯೊಂದು ದನಕ್ಕೂ, ಇಪ್ಪತ್ತೇಳು.

ಲ್ಯಾಕ್ಟೋಮೀಟರ್ ಸರಿಯಾದ ಅಂಕಿ ತೋರಿಸುವುದು ಹಾಲು ಇಪ್ಪತ್ತೇಳು ಡಿಗ್ರಿಯಲ್ಲಿದ್ದಾಗ. ಕೆಚ್ಚಲಿನಿಂದ ಆಗತಾನೆ ಇಳಿದ ಹಾಲು ಮೂವತ್ತಾರು, ಮೂವತ್ತೇಳರಲ್ಲಿರುತ್ತದೆ. ಬಿಸಿಗೆ ತೆಳ್ಳಗಾಗಿರುತ್ತದೆ, ನೊರೆಯ ಗಾಳಿಯೂ ಒಳಗಿರುತ್ತದೆ. ಬುರುಡೆ ಮುಳುಗುತ್ತದೆ. ಅದಕ್ಕಾಗಿಯೇ ಉಷ್ಣಾಂಶ ನೋಡಿ, ಹೆಚ್ಚಿದ್ದರೆ ಅಂಕಿಗೆ ಇಷ್ಟು ಸೇರಿಸಬೇಕೆಂದು ನಿಯಮವಿದೆ. ಇಪ್ಪತ್ತೇಳು ಎಂದು ಬರೆದರೆ ಸೇರಿಸಲು ಏನೂ ಇಲ್ಲ.

"ಮತ್ತೆ ನೀನು ಇಷ್ಟು ವರ್ಷ ನೋಡಲಿಲ್ಲವಾ?" ಎಂದೆ. ಕೇಳಬಾರದಿತ್ತು.

ಅವನು ಪುಟಗಳನ್ನು ತಿರುವಿ ತೋರಿಸಿದ. ಪ್ರತಿ ತಿಂಗಳ ಕೊನೆಗೆ ಹಸಿರು ಶಾಯಿಯಲ್ಲಿ "ಪರಿಶೀಲಿಸಲಾಗಿದೆ, ಸರಿಯಾಗಿದೆ" ಎಂದು ಅವನದೇ ಅಕ್ಷರ. ಕೆಳಗೆ ಚೆಂದದ ಸಹಿ. "ಲೀಟರು ಕೂಡಿಸಿದ್ದೇನೆ. ಪಟ್ಟಿಯೊಂದಿಗೆ ತಾಳೆ ನೋಡಿದ್ದೇನೆ. ಒಂದು ಪೈಸೆ ತಪ್ಪಿಲ್ಲ. ಕೂಡಿಸುವುದಕ್ಕೆ ಇಪ್ಪತ್ತೇಳು ಬಹಳ ಒಳ್ಳೆಯ ಅಂಕಿ, ಮಾರಾಯ. ಕಣ್ಣಿಗೆ ತೊಂದರೆಯೇ ಕೊಡುವುದಿಲ್ಲ," ಎಂದ. ರಿಜಿಸ್ಟರು ಮುಚ್ಚಿ, "ನಿನ್ನ ಶಾಲೆಯಲ್ಲಿ ಥರ್ಮಾಮೀಟರು ಉಂಟಲ್ಲ?" ಎಂದು ಕೇಳಿದ.

ಹೀಗೆ ಆದಿತ್ಯವಾರ ಬೆಳಿಗ್ಗೆ ಆರಕ್ಕೆ ನಾವಿಬ್ಬರೂ ರಿಜಿಸ್ಟರುಗಳ ಸಮೇತ ಕಲ್ಲಮಜಲಿನಲ್ಲಿದ್ದೆವು. ದೇವದಾಸ ಅಳತೆಯ ಪಾತ್ರೆಗಳನ್ನು ಜೋಡಿಸುತ್ತಿದ್ದ. ಕೆಟ್ಟವನಲ್ಲ. ಮೂವತ್ತರ ಹರೆಯ, ಮುದ್ದಾದ ಅಕ್ಷರ, ಯಾರು ಏನು ಹೇಳಿದರೂ ಬರೆದುಕೊಳ್ಳುವ ಸ್ವಭಾವ.

"ಸಂಘದ ಥರ್ಮಾಮೀಟರು ಎಲ್ಲಿ ಉಂಟು?" ಸಿಲ್ವೆಸ್ಟರ್ ಕೇಳಿದ.

"ಸ್ಟಾಕಿನಲ್ಲಿ ಉಂಟು ಸಾರ್."

"ಸ್ಟಾಕಿನಲ್ಲಿ ಉಂಟು. ಕೋಣೆಯಲ್ಲಿ ಉಂಟಾ?"

ದೇವದಾಸ ಪ್ರಶಸ್ತಿಪತ್ರದ ಕಡೆ ನೋಡಿದ. ನಿಧಾನಕ್ಕೆ ವಿಷಯ ಹೊರಬಂತು. ಸಂಘದ ಉದ್ಘಾಟನೆಯ ದಿನ ಯಾರೋ ದೊಡ್ಡವರು ಪಾಯಸ ಎಷ್ಟು ಬಿಸಿ ಉಂಟೆಂದು ನೋಡಲು ಅದನ್ನು ಕೊಪ್ಪರಿಗೆಗೆ ಇಳಿಸಿದ್ದರು; ಅಡುಗೆಯವರ ಸೌಟು ತಾಗಿ ಒಡೆಯಿತು. ಆ ಪಾಯಸವನ್ನು ಯಾರಿಗೂ ಬಡಿಸಲಿಲ್ಲ ಎಂದು ನಡಾವಳಿ ಪುಸ್ತಕ ಹೇಳುತ್ತದೆ. ಥರ್ಮಾಮೀಟರಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

"ಹಾಗಾದರೆ ಈ ಇಪ್ಪತ್ತೇಳು ಎಲ್ಲಿಂದ ಬಂತು?"

ದೇವದಾಸನ ಮುಖ ಅರಳಿತು. ಇದಕ್ಕೆ ಅವನಲ್ಲಿ ಉತ್ತರವಿತ್ತು. ಲ್ಯಾಕ್ಟೋಮೀಟರನ್ನು ಎತ್ತಿ, ಒರಸಿ, ಬೆಳಕಿಗೆ ಹಿಡಿದ. "ಇದರಲ್ಲೇ ಬರೆದದ್ದು ಉಂಟಲ್ಲ ಸಾರ್. ನೋಡಿ, ಇಪ್ಪತ್ತೇಳು ಡಿಗ್ರಿ. ಕಂಪೆನಿಯವರೇ ನೋಡಿ ಬರೆದು ಕಳಿಸಿದ್ದು."

ಸಿಲ್ವೆಸ್ಟರ್ ನಗಲಿಲ್ಲ. ಅವನು ನಗದೇ ಇದ್ದದ್ದನ್ನು ನಾನು ಆ ದಿನವೇ ಗಮನಿಸಿದ್ದೆ.

ಅಷ್ಟರಲ್ಲಿ ಸುಂದರಿ ಬಂದಳು. ಪಾತ್ರೆಯಿಂದ ಆವಿ ಏಳುತ್ತಿತ್ತು. ಸರದಿಯಲ್ಲಿದ್ದವರು ಅವಳಿಗೆ ಬೇಕಾದುದಕ್ಕಿಂತ ಹೆಚ್ಚು ಜಾಗ ಬಿಟ್ಟರು. "ಇವತ್ತು ಬಾವಿಯ ಹಗ್ಗ ತುಂಡಾಗಲಿಲ್ಲವಾ ಸುಂದರಕ್ಕ?" ಎಂದು ಹಿಂದಿನಿಂದ ಯಾರೋ ಕೇಳಿದರು. ಅವಳು ತಿರುಗಲೂ ಇಲ್ಲ. "ನಿಮ್ಮ ನಾಲಗೆಯಷ್ಟು ಉದ್ದ ಉಂಟು, ತುಂಡಾಗುದಿಲ್ಲ," ಎಂದಳು.

ಸಿಲ್ವೆಸ್ಟರ್ ಅವಳ ಹಾಲನ್ನು ಜಾಡಿಗೆ ಹಾಕಿಸಿ ಎರಡೂ ಗಾಜುಗಳನ್ನು ಇಳಿಸಿದ. ಥರ್ಮಾಮೀಟರು ಮೂವತ್ತಾರು ತೋರಿಸಿತು, ಲ್ಯಾಕ್ಟೋಮೀಟರು ಇಪ್ಪತ್ತಾರು. ಪಟ್ಟಿಯ ಪ್ರಕಾರ ಎಂಟು. ಎಲ್ಲರೂ ತಲೆಯಾಡಿಸಿದರು. ಆಮೇಲೆ ಅದೇ ಹಾಲಿನ ಒಂದು ಭಾಗವನ್ನು ತಂಬಿಗೆಗೆ ಹಾಕಿ, ಬಾಯಿ ಕಟ್ಟಿ, ದೇವದಾಸನಿಂದ ಅರಗಿನ ಮುದ್ರೆ ಹಾಕಿಸಿ, ಬಾವಿಯ ತಣ್ಣೀರಿನ ಬಕೇಟಿನಲ್ಲಿ ಎಲ್ಲರ ಕಣ್ಣ ಮುಂದೆ ಇಟ್ಟ. "ಇನ್ನು ಇದಕ್ಕೆ ನೀರು ಹಾಕುವವರು ಇದ್ದರೆ ನನ್ನೆದುರೇ ಹಾಕಿ," ಎಂದು ಬಕೇಟಿನ ಪಕ್ಕ ಸ್ಟೂಲು ಎಳೆದು ಕುಳಿತ.

ಹಾಲು ಕೊಟ್ಟವರು ಯಾರೂ ಮನೆಗೆ ಹೋಗಲಿಲ್ಲ. ತಂಬಿಗೆಯನ್ನು ಕಾಯುತ್ತ ನಲವತ್ತು ಜನ ನಿಂತರು. ಒಂದು ಗಂಟೆಯ ಮೇಲೆ ಮುದ್ರೆ ಒಡೆದು, ಹಾಲನ್ನು ಮೆಲ್ಲಗೆ ಕಲಕಿ ನೋಡಿದಾಗ ಇಪ್ಪತ್ತೇಳು ಡಿಗ್ರಿ. ಕಲ್ಲಮಜಲಿನ ಇತಿಹಾಸದಲ್ಲಿ ಮೊದಲ ಬಾರಿಗೆ ನಿಜವಾದ ಇಪ್ಪತ್ತೇಳು. ಲ್ಯಾಕ್ಟೋಮೀಟರು ಇಪ್ಪತ್ತೆಂಟರಲ್ಲಿ ನಿಂತಿತು. ಅಷ್ಟರಲ್ಲಿ ದೇವದಾಸ ಕೊಬ್ಬಿನ ಯಂತ್ರವನ್ನೂ ತಿರುಗಿಸಿ ಮುಗಿಸಿದ್ದ: ನಾಲ್ಕು ಪಾಯಿಂಟ್ ಎರಡು. ಪಟ್ಟಿಯಲ್ಲಿ ಅವನೇ ಬೆರಳಿಟ್ಟು ಓದಿದ. "ಎಂಟೂವರೆ."

ಹಗ್ಗದ ಮಾತಾಡಿದವರು ಈಗ ಹಿಂದಿನ ಸಾಲಿಗೆ ಹೋಗಿದ್ದರು. ದೇವದಾಸ ಮಾತ್ರ ತಂಬಿಗೆಯನ್ನು ನೋಡುತ್ತ, "ಬುದ್ಧಿ ಬಂತು ಇದಕ್ಕೆ," ಎಂದ.

ಮಹಾಸಭೆ ಹತ್ತು ಗಂಟೆಗೆಂದು ಗೊತ್ತಾಗಿತ್ತು. ಒಂಬತ್ತಕ್ಕೇ ವಿಠಲ ಹೆಗ್ಡೆಯವರು ಬಂದು ಸಿಲ್ವೆಸ್ಟರನನ್ನು ಒಳಗೆ ಕರೆದರು. ಜೊತೆಗಿದ್ದ ನನಗೂ ಕಾಫಿ ಬಂತು. ಹೆಗ್ಡೆಯವರು ಗಟ್ಟಿಯಾಗಿ ಮಾತಾಡುವವರಲ್ಲ. ಊರಿನಲ್ಲಿ ಅವರಿಗೆ ಅದರ ಅಗತ್ಯ ಬಿದ್ದಿರಲಿಲ್ಲ.

"ನೋಡಿ ಮಸ್ಕರೇನ್ಹಸರೇ, ಹೆಂಗಸನ್ನು ತೆಗೆಯುದು ಬೇಡ. ಬಡವಳು. ಈ ಸಲ ಕ್ಷಮಿಸಿದೆವು ಅಂತ ಠರಾವು ಮಾಡುವ. ನಾಳೆಯಿಂದ ಅವಳು ಸ್ವಲ್ಪ ತಡವಾಗಿ ಬರಲಿ. ಆಯ್ತಲ್ಲ?"

"ಥರ್ಮಾಮೀಟರು?"

"ಅದು ಯಾಕೆ ಬರೆಯುದು? ಬರೆದರೆ ಮೂರು ವರ್ಷದ ರಿಜಿಸ್ಟರು ಎಳೆಯಬೇಕು. ಎಲ್ಲರೂ ಬಾಕಿ ಕೇಳಿಯಾರು. ಆ ಪ್ರಶಸ್ತಿ ಕೊಟ್ಟ ನಿಮ್ಮ ಮೇಲಿನವರಿಗೂ ಮುಜುಗರ. ಮತ್ತೆ..." ಹೆಗ್ಡೆಯವರು ರಿಜಿಸ್ಟರನ್ನು ತೆರೆದು ಹಸಿರು ಸಹಿಯ ಮೇಲೆ ಕೈಯಿಟ್ಟರು. "ಇದು ನಿಮ್ಮದೇ ಅಲ್ವಾ?"

"ನನ್ನದೇ."

"ಒಳ್ಳೆಯ ಅಕ್ಷರ," ಎಂದರು ಹೆಗ್ಡೆಯವರು.

ಸಿಲ್ವೆಸ್ಟರ್ ಒಪ್ಪಿಬಿಡುತ್ತಾನೆಂದೇ ನನಗೆ ಕಂಡಿತ್ತು. ಅವನು ವೀರನಲ್ಲ, ಬಸ್ಸಿನಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಕೇಳುವವನಲ್ಲ. ನನಗೂ ಅದೇ ಸರಿಯೆನಿಸಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ದನ ಉಳಿಯುತ್ತದೆ, ಎಲ್ಲರ ಮಾನವೂ ಉಳಿಯುತ್ತದೆ. ಅವನು ಹೊರಗೆ ಬಂದು ಜಗಲಿಯಲ್ಲಿ ಕುಳಿತಿದ್ದ ಸುಂದರಿಗೆ ವಿಷಯ ಹೇಳಿದ.

"ಕ್ಷಮಿಸುದು ಅಂದರೆ?" ಎಂದಳು.

"ತೆಗೆಯುದಿಲ್ಲ. ದನ ನಿನ್ನದೇ."

"ನಾನು ನೀರು ಹಾಕಿದ್ದೇನೆ, ಅವರು ದೊಡ್ಡ ಮನಸ್ಸು ಮಾಡಿ ಬಿಟ್ಟಿದ್ದಾರೆ. ಹಾಗೆಯಾ ಪೊರ್ಬುಗಳೇ?"

ನಮ್ಮ ಕಡೆ ಕ್ರಿಸ್ತರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

"ಮೂರು ನೋಟಿಸನ್ನು ಆ ಬೋರ್ಡಿನ ಮೇಲೆ ಹಚ್ಚಿದ್ದು. ನನಗೆ ಓದಲಿಕ್ಕೆ ಬರುದಿಲ್ಲ. ನನ್ನ ಮಗಳಿಗೆ ಬರ್ತದೆ. ಅವಳೇ ಓದಿ ಹೇಳಿದ್ದು. ನೀರು ಇರಲಿಲ್ಲ ಅಂತ ಒಂದು ಕಾಗದ ಅದೇ ಬೋರ್ಡಿಗೆ ಹಚ್ಚಿ. ಅದನ್ನೂ ಅವಳೇ ಓದಲಿ. ಅದು ಆಗದಿದ್ದರೆ ದನವನ್ನು ನಾನೇ ಬ್ಯಾಂಕಿಗೆ ಮುಟ್ಟಿಸ್ತೇನೆ. ಕಳ್ಳಿಯ ದನ ನನಗೆ ಬೇಡ."

ನೀರು ಇರಲಿಲ್ಲ ಎಂದು ಬರೆಯಬೇಕಾದರೆ ಅಂಕಿ ಯಾಕೆ ಇಳಿಯಿತೆಂದು ಬರೆಯಬೇಕು. ಅದನ್ನು ಬರೆದರೆ ಥರ್ಮಾಮೀಟರು ಇರಲಿಲ್ಲ ಎಂದು ಬರೆಯಬೇಕು. ಅದನ್ನೂ ಬರೆದರೆ, ಇಲ್ಲದ ಥರ್ಮಾಮೀಟರಿನ ಅಂಕಿಗಳನ್ನು ಸರಿಯಾಗಿದೆ ಎಂದವನು ಯಾರೆಂದು ಬರೆಯಬೇಕು. ಸಿಲ್ವೆಸ್ಟರ್ ಬಾವಿಕಟ್ಟೆಯ ಹತ್ತಿರ ಹೋಗಿ ಒಂದು ಬೀಡಿ ಸೇದಿದ. ಆಮೇಲೆ ನನ್ನ ಹತ್ತಿರ ಬಂದು ನೀಲಿ ಶಾಯಿಯ ಪೆನ್ನು ಕೇಳಿದ. ಹಸಿರು ಬೇಡವಂತೆ.

ಆ ವರದಿಯ ಪ್ರತಿ ನನ್ನಲ್ಲಿದೆ. ಒಂದೇ ಪುಟ. ಅದರ ಕೊನೆಯ ಭಾಗ ಹೀಗಿದೆ: "ಇಪ್ಪತ್ತಮೂರನೆಯ ಸದಸ್ಯೆಯ ಹಾಲಿನಲ್ಲಿ ನೀರು ಇರಲಿಲ್ಲ. ಹಾಲು ಬಿಸಿಯಾಗಿತ್ತು. ಸಂಘದಲ್ಲಿ ಥರ್ಮಾಮೀಟರು ಇಲ್ಲ. ಉಷ್ಣಾಂಶದ ಅಂಕಿಗಳನ್ನು ನೋಡದೆ ಬರೆಯಲಾಗಿದೆ. ಅವನ್ನು ನೋಡದೆ ಸರಿಯೆಂದು ಸಹಿ ಹಾಕಿದವನು ನಾನು." ಅದನ್ನು ಅವನು ಮಹಾಸಭೆಯಲ್ಲಿ ಗಟ್ಟಿಯಾಗಿ ಓದಿ, ಎರಡನೆಯ ಪ್ರತಿಯನ್ನು ಬೋರ್ಡಿಗೆ ಹಚ್ಚಿದ. ಅಂಟು ಸಿಗಲಿಲ್ಲ, ದೇವದಾಸನೇ ಓಡಿಹೋಗಿ ಮನೆಯಿಂದ ಅನ್ನದ ಅಗುಳು ತಂದ. ಸುಂದರಿಯ ದೊಡ್ಡ ಮಗಳು ಬೋರ್ಡಿನ ಮುಂದೆ ನಿಂತು ಓದಿದಳು. ಮುಗಿದ ಮೇಲೆ ತಾಯಿ ಪುನಃ ಓದಿಸಿದಳು.

ಆಮೇಲಿನದನ್ನು ಸಂಕ್ಷೇಪವಾಗಿ ಹೇಳಬಹುದು. ಸುಂದರಿಯ ಸದಸ್ಯತ್ವ ಉಳಿಯಿತು. ಮೂರು ವರ್ಷದ ರಿಜಿಸ್ಟರು ಪುನಃ ಲೆಕ್ಕ ಹಾಕಲು ನೇಮಿಸಿದ ಉಪಸಮಿತಿ ಇನ್ನೂ ಕುಳಿತಿದೆ. ಪ್ರಶಸ್ತಿಪತ್ರವನ್ನು ಹಿಂದಕ್ಕೆ ಕರೆಸಿಕೊಳ್ಳಲು ನಿಯಮದಲ್ಲಿ ಅವಕಾಶವಿಲ್ಲವೆಂದು ಒಕ್ಕೂಟ ತಿಳಿಸಿತು. ನಿರ್ಲಕ್ಷ್ಯಕ್ಕಾಗಿ ಇಡೀ ಒಕ್ಕೂಟದಲ್ಲಿ ಶಿಕ್ಷೆಯಾದದ್ದು ಒಬ್ಬನಿಗೆ. ನಿರ್ಲಕ್ಷ್ಯವನ್ನು ಲಿಖಿತವಾಗಿ ಒಪ್ಪಿಕೊಂಡಿದ್ದವನು ಅವನೊಬ್ಬನೇ ಆದುದರಿಂದ ಬೇರೆ ವಿಚಾರಣೆ ಬೇಕಾಗಲಿಲ್ಲ. ಸಿಲ್ವೆಸ್ಟರನಿಗೆ ಒಂದು ವರ್ಷದ ಇನ್‌ಕ್ರಿಮೆಂಟು ಹೋಯಿತು. ಮೆಮೊ ಬಂದ ದಿನ ಅದನ್ನು ಚಹಾದಂತೆ ಬೆಳಕಿಗೆ ಹಿಡಿದು ನೋಡಿ, "ಎಂಟೂವರೆ," ಎಂದ.

ಸಂಘ ಹೊಸ ಥರ್ಮಾಮೀಟರು ಕೊಂಡಿತು. ಒಡೆಯಬಾರದೆಂದು ಅಧ್ಯಕ್ಷರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಸಿದರು. ಮುಂದಿನ ತಿಂಗಳು ಸಿಲ್ವೆಸ್ಟರ್ ಹೋದಾಗ ಕಾಲಂ ತುಂಬ ಇಪ್ಪತ್ತೊಂಬತ್ತು ಇತ್ತು. ಈ ಸಲ ಅವನು ನಕ್ಕನಂತೆ. ಮೊದಲ ಸಾಲಿನಲ್ಲಿ ಮಾತ್ರ, ಸುಂದರಿಯ ಹೆಸರಿನ ಮುಂದೆ, ಮೂವತ್ತಾರು, ಮೂವತ್ತೈದು, ಮೂವತ್ತಾರು. ಬೀಗ ತೆಗೆಸಿ ನೋಡಿಸದೆ ಅವಳು ಹಾಲು ಸುರಿಯುತ್ತಿರಲಿಲ್ಲವಂತೆ. ಅಂದಿನಿಂದ ಅವನು ಶಾಲೆಯ ಥರ್ಮಾಮೀಟರನ್ನು ಬಿದಿರಿನ ಕೊಳವೆಯಲ್ಲಿ ಹಾಕಿಕೊಂಡು ಹದಿನೆಂಟು ಹಳ್ಳಿ ತಿರುಗಿದ. ಹಿಂದಕ್ಕೆ ಕೇಳಲು ನನಗೆ ಮನಸ್ಸಾಗಲಿಲ್ಲ. ಸಾಯುವವರೆಗೂ ಹಸಿರು ಶಾಯಿ ಬಳಸಲಿಲ್ಲ.

ತಿಂಗಳ ಪೂಜೆಯ ಮರುದಿನ ಬೆಳಿಗ್ಗೆ ನಾನು ಕಲ್ಲಮಜಲಿಗೆ ಹೋದೆ. ಅವನು ಸತ್ತ ಸುದ್ದಿ ಅಲ್ಲಿಗೆ ಮುಟ್ಟಿತ್ತೋ ಇಲ್ಲವೋ ಗೊತ್ತಿರಲಿಲ್ಲ. ಮುಟ್ಟಿರಲಿಲ್ಲ. ಸುಂದರಿ ಸರದಿಯ ತಲೆಯಲ್ಲಿ ಪಾತ್ರೆ ಹಿಡಿದು ನಿಂತಿದ್ದಳು. ಹಿಂದೆ ನಲವತ್ತು ಜನ ಗೊಣಗುತ್ತಿದ್ದರು. ನಾನು ಹತ್ತಿರ ಹೋಗಿ ಹೇಳಿದೆ. ಅವಳು ಪಾತ್ರೆಯ ಮುಚ್ಚಳವನ್ನು ಒತ್ತಿ ಮುಚ್ಚಿದಳು. "ಯಾವಾಗ?" ಎಂದಳು. ಹೇಳಿದೆ. "ಊಟ ಸರಿಯಾಗಿ ಮಾಡುವವರಲ್ಲ ಅವರು," ಎಂದಳು.

ದೇವದಾಸ ತಲೆ ತಗ್ಗಿಸಿ, "ಸುಂದರಕ್ಕ, ಇವತ್ತು ಹಾಗೇ ಸುರಿ. ಮೂವತ್ತಾರು ಅಂತ ಬರೆದುಕೊಳ್ತೇನೆ. ದಿನಾ ಅಷ್ಟೇ ಅಲ್ವಾ?" ಎಂದ. ಅವನಿಗೂ ದುಃಖವಾಗಿತ್ತು, ಬೇಗ ಮುಗಿಸಿ ಬಾಗಿಲು ಹಾಕೋಣ ಎಂಬುದು ಅವನ ಲೆಕ್ಕ.

ಅವಳು ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು ನಿಂತೇ ಇದ್ದಳು.

"ಕೀ ತೆಗಿ ದೇವದಾಸಣ್ಣ," ಎಂದಳು.

ಅಧ್ಯಕ್ಷರ ಆಳು ಅಂದು ಬೀಗದ ಕೈ ತಂದಿರಲಿಲ್ಲ; ಅದಕ್ಕಾಗಿ ಗುಡ್ಡದ ಮೇಲಿನ ಮನೆಗೆ ಸೈಕಲು ಹೋಯಿತು. ಹಾಲು ತಣ್ಣಗಾಗತೊಡಗಿತು. ಬೇಕಾದರೆ ಶಾಲೆಯದ್ದು ನನ್ನ ಚೀಲದಲ್ಲಿ ಉಂಟು ಎಂದೆ. ಕೊಳವೆಯನ್ನು ಅವಳು ಗುರುತಿಸಿದಳು. ಸೆರಗಿನಲ್ಲಿ ಕೈ ಒರಸಿಕೊಂಡು, ಒಳಗಿನದನ್ನು ತಾನೇ ತೆಗೆದು ದೇವದಾಸನಿಗೆ ಕೊಟ್ಟಳು. ಅವನು ಜಾಡಿಗೆ ಇಳಿಸಿ, ಬಗ್ಗಿ, ಸರಿಯಾಗಿ ನೋಡಿದ.

"ಮೂವತ್ತಮೂರು."

"ಅದನ್ನೇ ಬರಿ," ಎಂದಳು.